ಇಂಡೆಕ್ಸ್ ಫಂಡೋ, ಇಟಿಎಫ್ಫೋ: ಎರಡರಲ್ಲೂ ಒಂದೊಂದು ಲಕ್ಷ ಹಾಕಿ ನೋಡಿದ ಲೆಕ್ಕ

ನಮ್ಮ ಗೋಣಿಕೊಪ್ಪದ ಕಡೆ ಕಾಫಿ ಮಾರುವವರು ಚೀಲದ ಬೆಲೆ ಕೇಳಿದ ಮಾತ್ರಕ್ಕೆ ತಲೆಯಾಡಿಸುವುದಿಲ್ಲ. 50 ಕಿಲೋ ಚೆರಿ ಚೀಲಕ್ಕೆ ಔಟ್‌ಟರ್ನ್, ಅಂದರೆ ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ಕಿಲೋ, 28 ಹಿಡಿದರೋ 26 ಹಿಡಿದರೋ, ತೇವಾಂಶಕ್ಕೆಂದು ಎಷ್ಟು ಕಳೆದರು ಎಂಬುದನ್ನು ನೋಡಿದ ಮೇಲೆಯೇ ಕೈಗೆ ಬರುವ ಹಣ ಗೊತ್ತಾಗುವುದು. ಇಷ್ಟು ಚೌಕಾಸಿ ಬಲ್ಲ ನಾನು ಮೂರು ವರ್ಷದ ಹಿಂದೆ ಷೇರುಪೇಟೆಯಲ್ಲಿ ಮಾತ್ರ ಹೊರಗೆ ಬರೆದ ಬೆಲೆಯನ್ನೇ ನಂಬಿದೆ.

ಕಾಫಿ ಹಣ ಬಂದಿತ್ತು. ನಿಫ್ಟಿ 50 ಸೂಚ್ಯಂಕವನ್ನೇ ಅನುಸರಿಸುವ ಒಂದು ಇಂಡೆಕ್ಸ್ ಫಂಡಿಗೆ ಒಂದು ಲಕ್ಷ, ಒಂದು ಇಟಿಎಫ್‌ಗೆ ಇನ್ನೊಂದು ಲಕ್ಷ ಹಾಕಿದೆ. ಎರಡೂ ಆ ಸೂಚ್ಯಂಕದ ಷೇರುಗಳನ್ನೇ ಕೊಂಡಿಡುತ್ತವೆ; ಫಂಡನ್ನು ಫಂಡ್ ಕಂಪನಿಯಿಂದ ಕೊಳ್ಳುತ್ತೇವೆ, ಇಟಿಎಫ್ ಅನ್ನು ಷೇರಿನಂತೆ ಪೇಟೆಯಲ್ಲಿ. ಮಧ್ಯವರ್ತಿಯಿಲ್ಲದೆ ಕೊಳ್ಳುವ ಡೈರೆಕ್ಟ್ ಪ್ಲಾನ್‌ನಲ್ಲಿ ಫಂಡಿನ ವೆಚ್ಚದ ಅನುಪಾತ, ಅಂದರೆ ಕಂಪನಿ ವರ್ಷಕ್ಕೆ ಹಿಡಿದುಕೊಳ್ಳುವ ಖರ್ಚು, ಶೇ 0.20, ಇಟಿಎಫ್‌ನದು ಶೇ 0.05. ಅಂದರೆ ಲಕ್ಷಕ್ಕೆ ವರ್ಷಕ್ಕೆ 150 ರೂಪಾಯಿ ಉಳಿತಾಯ. ಇಟಿಎಫ್ ಗೆದ್ದಾಯಿತು ಎಂದುಕೊಂಡೆ.

ಕೊಂಡ ದಿನವೇ ಅದು ಸೋತಿತ್ತು. ರೋಬಸ್ಟಾಗೆ ಸ್ಪ್ರಿಂಕ್ಲರ್ ಹಾಕುವ ದಿನಗಳು. ತೋಟಕ್ಕೆ ಇಳಿಯುವ ಅವಸರದಲ್ಲಿ, ಪೇಟೆ ತೆರೆದ ಒಂದೇ ನಿಮಿಷಕ್ಕೆ, 9.16ಕ್ಕೆ, ಮಾರುಕಟ್ಟೆ ಬೆಲೆಗೆ ಆರ್ಡರ್ ಒತ್ತಿದೆ. 246.30ರಂತೆ 406 ಯೂನಿಟ್ ಬಂದವು. ಆ ಹೊತ್ತಿಗೆ ಒಳಗಿರುವ ಷೇರುಗಳ ನಿಜವಾದ ಮೌಲ್ಯ, ಅಂದರೆ ಫಂಡ್ ಕಂಪನಿ ದಿನವಿಡೀ ತೋರಿಸುವ ಐ-ಎನ್‌ಎವಿ, 245.10 ಇತ್ತು. ಯೂನಿಟ್ಟಿಗೆ 1.20 ಹೆಚ್ಚು ಕೊಟ್ಟಿದ್ದೆ. ಒಟ್ಟು 487 ರೂಪಾಯಿ. ವರ್ಷಕ್ಕೆ 150ರಂತೆ ಅದನ್ನು ತುಂಬಿಕೊಳ್ಳಲು ಮೂರು ವರ್ಷ ದಾಟಬೇಕು. ಬೆಳಗಿನ ಆ ಹೊತ್ತಿನಲ್ಲಿ ಮಾರುವವರು ವಿರಳ, ಇದ್ದವರು ಕೇಳಿದ್ದೇ ಬೆಲೆ.

ಇಟಿಎಫ್ ಯೂನಿಟ್‌ಗಳನ್ನು ಇಡಲೆಂದೇ ತೆರೆದ ಡಿಮ್ಯಾಟ್ ಖಾತೆಗೆ ತೆರಿಗೆ ಸೇರಿ ವರ್ಷಕ್ಕೆ 354 ರೂಪಾಯಿ ಹೋಗುತ್ತಿತ್ತು. ಉಳಿಸುವುದು 150, ಕೊಡುವುದು 354! ಆಮೇಲೆ ಅದನ್ನು ಬೇಸಿಕ್ ಡಿಮ್ಯಾಟ್‌ಗೆ ಬದಲಾಯಿಸಿಕೊಂಡೆ. 2024ರ ಸೆಪ್ಟೆಂಬರ್‌ನಿಂದ ನಾಲ್ಕು ಲಕ್ಷದವರೆಗಿನ ಹೂಡಿಕೆಗೆ ಅದರಲ್ಲಿ ವಾರ್ಷಿಕ ಶುಲ್ಕವಿಲ್ಲ. ಆದರೆ ನಿಮ್ಮ ಹೆಸರಿನಲ್ಲಿ ಬೇರೆ ಡಿಮ್ಯಾಟ್ ಖಾತೆ ಇರಬಾರದು.

ಇನ್ನು ಎಲ್ಲರೂ ಹೆದರಿಸುವ ಟ್ರ್ಯಾಕಿಂಗ್ ಎರರ್. ಹೆಸರು ಕೇಳಿ ಇದೂ ಒಂದು ಖರ್ಚು ಎಂದು ನಾನೂ ತಿಳಿದಿದ್ದೆ. ಅಲ್ಲ. ಸೂಚ್ಯಂಕಕ್ಕೂ ಫಂಡಿಗೂ ದಿನದಿನದ ಗಳಿಕೆಯಲ್ಲಿ ಇರುವ ಅಂತರ ಎಷ್ಟು ಹೊಯ್ದಾಡುತ್ತದೆ ಎಂಬುದರ ಅಳತೆ ಅದು. ಪ್ರತಿ ಚೀಲಕ್ಕೂ ಸರಿಯಾಗಿ ಒಂದು ಕಿಲೋ ಕಡಿಮೆ ತೋರಿಸುವ ತಕ್ಕಡಿಯನ್ನು ನೆನೆಯಿರಿ: ಅದರಲ್ಲಿ ಹೊಯ್ದಾಟವೇ ಇಲ್ಲ, ನಷ್ಟ ಮಾತ್ರ ಖಚಿತ. ಹಾಗೆಯೇ ದಿನವೂ ಒಂದೇ ಅಳತೆಯಲ್ಲಿ ಹಿಂದೆ ಬೀಳುವ ಫಂಡಿನ ಟ್ರ್ಯಾಕಿಂಗ್ ಎರರ್ ಸೊನ್ನೆಯ ಹತ್ತಿರವೇ ಇರುತ್ತದೆ. ಇದು ಶೇ 2 ಮೀರಬಾರದು ಎಂದು ಷೇರುಪೇಟೆಯ ನಿಯಂತ್ರಕ ಸೆಬಿ 2022ರಲ್ಲಿ ಮಿತಿ ಹಾಕಿತು. ನನ್ನ ಎರಡೂ ಆ ಮಿತಿಯಿಂದ ಬಹಳ ಕೆಳಗಿದ್ದವು, ಹಾಗಾಗಿ ಆಯ್ಕೆಗೆ ಅದರಿಂದ ಏನೂ ತಿಳಿಯಲಿಲ್ಲ.

ಜೇಬಿಗೆ ತಾಗುವುದು ಟ್ರ್ಯಾಕಿಂಗ್ ಡಿಫರೆನ್ಸ್, ಅಂದರೆ ಲಾಭಾಂಶವೂ ಸೇರಿದ ಸೂಚ್ಯಂಕ ವರ್ಷದಲ್ಲಿ ಗಳಿಸಿದ್ದಕ್ಕಿಂತ ಫಂಡ್ ಎಷ್ಟು ಹಿಂದೆ ಬಿತ್ತು ಎಂಬ ಲೆಕ್ಕ. ಫಂಡ್ ಕಂಪನಿಗಳು ಇದನ್ನು ಪ್ರತಿ ತಿಂಗಳು ಪ್ರಕಟಿಸಬೇಕು. ನನ್ನ ಫಂಡ್ ಒಂದು ವರ್ಷದಲ್ಲಿ ಶೇ 0.28 ಹಿಂದೆ ಬಿದ್ದಿತ್ತು. 0.20 ವೆಚ್ಚ ಸರಿ, ಉಳಿದ 0.08? ಹಣ ವಾಪಸ್ ಕೇಳುವವರಿಗಾಗಿ ಇಟ್ಟುಕೊಳ್ಳುವ ನಗದು, ಷೇರು ಕೊಳ್ಳುವ–ಮಾರುವ ಖರ್ಚು ಇಂಥವೆಲ್ಲ ಅಲ್ಲಿ ಸೇರುತ್ತವೆ. ಇಟಿಎಫ್ ಹಿಂದೆ ಬಿದ್ದದ್ದು ಶೇ 0.08 ಮಾತ್ರ. ಆದರೆ ಆ ಲೆಕ್ಕ ನಡೆಯುವುದು ಎನ್‌ಎವಿಯ, ಅಂದರೆ ದಿನದ ಕೊನೆಗೆ ಒಂದು ಯೂನಿಟ್ಟಿನ ನಿಜವಾದ ಮೌಲ್ಯದ ಮೇಲೆ, ನಾನು ಕೊಟ್ಟ ಬೆಲೆಯ ಮೇಲಲ್ಲ. ನನ್ನ 487 ರೂಪಾಯಿ ಯಾವ ಫ್ಯಾಕ್ಟ್‌ಶೀಟ್‌ನಲ್ಲೂ ಕಾಣುವುದಿಲ್ಲ.

ಮುಂದಿನ ವರ್ಷ ಹನ್ನೊಂದು ಗಂಟೆಯವರೆಗೆ ಕಾದೆ. ಐ-ಎನ್‌ಎವಿ 251.00 ಇತ್ತು; 251.10ಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದು ಲಿಮಿಟ್ ಆರ್ಡರ್ ಇಟ್ಟೆ, ಆ ಬೆಲೆಗೇ ಸಿಕ್ಕಿತು. ಶೇ 0.04 ಮಾತ್ರ ಹೆಚ್ಚು. ಹೀಗೆ ಕೊಂಡರೆ, ಡಿಮ್ಯಾಟ್ ಶುಲ್ಕವೂ ಇಲ್ಲದಿದ್ದರೆ, ವರ್ಷಕ್ಕೊಮ್ಮೆ ದೊಡ್ಡ ಮೊತ್ತ ಹಾಕುವವರಿಗೆ ಇಟಿಎಫ್ ನಿಜಕ್ಕೂ ಅಗ್ಗ. ಮಾರುವಾಗ ಕೊಳ್ಳುವವರು ಸಿಗಬೇಕಲ್ಲ, ಹಾಗಾಗಿ ದಿನದ ವಹಿವಾಟು ಚೆನ್ನಾಗಿರುವುದನ್ನೇ ಆರಿಸಬೇಕು.

ತಿಂಗಳಿಗೆ ಐದು ಸಾವಿರ ಹಾಕುವ ನನ್ನ ತಂಗಿಗೆ ಮಾತ್ರ ಇಂಡೆಕ್ಸ್ ಫಂಡನ್ನೇ ಹೇಳಿದ್ದೇನೆ. ಅಲ್ಲಿ ಬೆಲೆ ಕಾಯುವ ಕೆಲಸವಿಲ್ಲ. ಎಲ್ಲರಿಗೂ ಸಿಗುವ ದಿನದ ಎನ್‌ಎವಿಯೇ ಸಿಗುತ್ತದೆ. ಜುಲೈ ಮಳೆಗೆ ಮರ ಬಿದ್ದು, ಕರೆಂಟೂ ನೆಟ್‌ವರ್ಕೂ ನಾಲ್ಕು ದಿನ ಹೋದರೂ ಅವಳ ಕಂತು ತನ್ನಷ್ಟಕ್ಕೆ ಹೋಗಿರುತ್ತದೆ. ನಾನೋ, ಆ ನಾಲ್ಕು ದಿನ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕು.