ಮಗ್ಗುಲು ಬದಲಿಸಿದರೆ ಮನೆಯೇ ತಿರುಗುತ್ತಾ? ಕುತ್ತಿಗೆಗೆ ಪಟ್ಟಿ ಹಾಕಿಸಿಕೊಳ್ಳುವ ಮುಂಚೆ ಇದನ್ನು ಓದಿ

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ ಕೂಡಲೇ ಮನೆಯೆಲ್ಲ ಗಿರ್ರನೆ ತಿರುಗಿ, ಒಂದು ನಿಮಿಷದೊಳಗೆ ತಾನಾಗಿ ನಿಲ್ಲುತ್ತದೆ ಎಂದು ನಿಮ್ಮಲ್ಲಿ ಯಾರಾದರೂ ಹೇಳಿದರೆ, ಮಾತ್ರೆ ಶುರು ಮಾಡುವ ಮುಂಚೆ ಡಾಕ್ಟರಿಗೆ ಒಂದು ಮಾತು ಕೇಳಿ. "ಮಲಗಿಸಿ ಕಣ್ಣು ನೋಡುವ ಪರೀಕ್ಷೆ ಮಾಡ್ತೀರಾ?" ಅಂತ. ಆ ಪರೀಕ್ಷೆಗೆ ಮಷಿನ್ ಬೇಡ, ಒಂದು ಮಂಚ ಸಾಕು. ಅದನ್ನು ಯಾರೂ ಮಾಡದೆ ನಮ್ಮ ಆಯಿ ತಿಂಗಳುಗಟ್ಟಲೆ ಒದ್ದಾಡಿದಳು.

ಶಿರಸಿ ಕಡೆಯ ಹಳ್ಳಿ ನಮ್ಮದು. ಒಂದು ಬೆಳಿಗ್ಗೆ ಆಯಿ ಏಳಲು ಹೋದವಳು ಮಂಚದ ಕಟ್ಟು ಹಿಡಿದುಕೊಂಡು ಕೂಗಿದಳು: "ತಮಾ, ಮಾಡೇ ತಿರಗ್ತಾ ಇದ್ದು!" ಮನೆಯ ಸೂರೇ ತಿರುಗುತ್ತಿದೆ ಎಂದು. ವಾಂತಿಯೂ ಆಯಿತು. ಮೊದಲು ಪಿತ್ತ ಎಂದು ಮುರುಗಲು ಶರಬತ್ತು. ಆಮೇಲೆ ಪೇಟೆಯ ಒಂದು ಆಸ್ಪತ್ರೆಯಲ್ಲಿ ಡ್ರಿಪ್, ಕುತ್ತಿಗೆಯ ಎಕ್ಸ್‌ರೇ. "ಮೂಳೆ ಸವೆದಿದೆ, ಅದಕ್ಕೇ ತಲೆ ತಿರುಗೋದು" ಎಂದರು. ಕುತ್ತಿಗೆಗೆ ಪಟ್ಟಿ ಬಂತು, ದಿನಕ್ಕೆ ಮೂರು ಹೊತ್ತು ಮಾತ್ರೆ ಬಂತು. ಅರವತ್ತು ದಾಟಿದ ಯಾರ ಕುತ್ತಿಗೆಯ ಎಕ್ಸ್‌ರೇ ತೆಗೆದರೂ ಸ್ವಲ್ಪ ಸವೆತ ಕಾಣುವುದು ಸಾಮಾನ್ಯ. ಕಂಡದ್ದೇ ಕಾರಣ ಆಗಬೇಕೆಂದಿಲ್ಲ ಅಲ್ವಾ?

ಆ ಮಾತ್ರೆಗಳ ಮೇಲೆ ನನಗೆ ಈಗಲೂ ಸಿಟ್ಟಿದೆ. ಸಿನ್ನರಿಜಿನ್, ಪ್ರೊಕ್ಲೋರ್‌ಪೆರಜಿನ್ ಇಂಥವು ಸಂಕಟ, ವಾಂತಿ ತಗ್ಗಿಸಲು ಒಂದೆರಡು ದಿನಕ್ಕೆ ಸರಿ. ವಯಸ್ಸಾದವರು ತಿಂಗಳುಗಟ್ಟಲೆ ನುಂಗಿದರೆ ಮಂಪರು ಬರುತ್ತದೆ, ಬೀಳುವ ಭಯ ಜಾಸ್ತಿಯಾಗುತ್ತದೆ. ಕೆಲವರಿಗೆ ಪಾರ್ಕಿನ್‌ಸನ್ ಕಾಯಿಲೆಯ ಹಾಗೆ ಕೈ ನಡುಗಿ, ನಡಿಗೆ ನಿಧಾನವಾಗುವುದೂ ಉಂಟು. ಆಯಿ ಮಧ್ಯಾಹ್ನವೂ ತೂಕಡಿಸುತ್ತಿದ್ದಳು. ಬಲ ಮಗ್ಗುಲಿಗೆ ಹೊರಳಿದರೆ ಮಾತ್ರ ಮನೆ ಮೊದಲಿನ ಹಾಗೇ ತಿರುಗುತ್ತಿತ್ತು.

ಅವಳಿಗೆ ಆಗಿದ್ದು ಒಳಕಿವಿಯ ತೊಂದರೆ. ಪ್ರತಿ ಕಿವಿಯೊಳಗೆ ಬಳೆಯ ತುಂಡಿನಂಥ ಮೂರು ಸಣ್ಣ ಕೊಳವೆಗಳಿವೆ, ಒಂದೊಂದೂ ಒಂದೊಂದು ದಿಕ್ಕಿಗೆ. ಒಳಗೆ ದ್ರವ ತುಂಬಿದೆ. ನೀರಿರುವ ಕೊಡಪಾನವನ್ನು ತಟ್ಟನೆ ತಿರುಗಿಸಿದರೆ ಕೊಡ ತಿರುಗುತ್ತದೆ, ನೀರು ಹಿಂದೆ ಉಳಿಯುತ್ತದೆ. ತಲೆ ತಿರುಗಿಸಿದಾಗ ಈ ದ್ರವವೂ ಹಾಗೇ ಹಿಂದೆ ಉಳಿದು, ಕೊಳವೆಯ ಬುಡದಲ್ಲಿರುವ ಮೆತ್ತನೆಯ ಪರದೆಯನ್ನು ಬಗ್ಗಿಸುತ್ತದೆ. ಪರದೆಯೊಳಗೆ ಚಾಚಿರುವ ಜೀವಕೋಶಗಳ ಕೂದಲು ಬಾಗಿದ ಕೂಡಲೇ ನರದಲ್ಲಿ ಸುದ್ದಿ ಹೋಗುತ್ತದೆ. ತಲೆ ಸುಮ್ನೆ ಇದ್ದಾಗಲೂ ಎರಡೂ ಕಿವಿಗಳ ನರ ಮಿಡಿಯುತ್ತಲೇ ಇರುತ್ತದೆ. ಬಲಕ್ಕೆ ತಿರುಗಿದರೆ ಬಲಗಿವಿಯ ಮಿಡಿತ ಏರುತ್ತದೆ, ಎಡಗಿವಿಯದು ಇಳಿಯುತ್ತದೆ. ಎರಡರ ನಡುವಿನ ವ್ಯತ್ಯಾಸವನ್ನೇ ಮಿದುಳು "ತಿರುಗುತ್ತಿದ್ದೇನೆ" ಎಂದು ಓದಿಕೊಳ್ಳುತ್ತದೆ.

ಕೊಳವೆಗಳ ಪಕ್ಕದಲ್ಲೇ ಇನ್ನೊಂದು ಚೀಲವಿದೆ, ಹೆಸರು ಯುಟ್ರಿಕಲ್. ಅದರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಅಂಟಿನ ಮೇಲೆ ಕೂತಿರುತ್ತವೆ. ತಲೆ ವಾಲಿದರೆ ಅವುಗಳ ಭಾರ ವಾಲುತ್ತದೆ, ಕೆಳಗೆ ಯಾವ ಕಡೆ ಎಂಬುದು ಗೊತ್ತಾಗುವುದು ಹಾಗೆ. ವಯಸ್ಸಾದಂತೆ, ಅಥವಾ ತಲೆಗೆ ಪೆಟ್ಟು ಬಿದ್ದರೆ, ಕೆಲವು ಹರಳು ಕಿತ್ತು ಬರುತ್ತವೆ. ಬಂದವು ಹೆಚ್ಚಾಗಿ ಹಿಂದಿನ ಕೊಳವೆಗೆ ಇಳಿಯುತ್ತವೆ, ತಗ್ಗಿನಲ್ಲಿರುವುದು ಅದೇ.

ಇನ್ನು ನೀವು ಮಲಗುತ್ತೀರಿ. ತಲೆ ನಿಂತಿತು, ಆದರೆ ಕೊಳವೆಯೊಳಗಿನ ಹರಳು ಇನ್ನೂ ಜಾರುತ್ತಿದೆ. ಜಾರುತ್ತಾ ದ್ರವವನ್ನೂ ಎಳೆಯುತ್ತದೆ, ಪರದೆ ಬಗ್ಗುತ್ತದೆ. ಒಂದು ಕಿವಿ "ಜೋರಾಗಿ ತಿರುಗುತ್ತಿದ್ದೇನೆ" ಎನ್ನುತ್ತದೆ, ಇನ್ನೊಂದು "ಇಲ್ಲವಲ್ಲ" ಎನ್ನುತ್ತದೆ. ಹರಳು ತಳ ಮುಟ್ಟಿದ ಮೇಲೆ ಎಲ್ಲ ಶಾಂತ. ಅದಕ್ಕೇ ಅದು ನಿಮಿಷದೊಳಗೆ ಮುಗಿಯುವುದು.

ಸರಿ, ತಲೆಯೊಳಗಿನ ಗೊಂದಲಕ್ಕೆ ಮಾಡು ಯಾಕೆ ತಿರುಗಿದಂತೆ ಕಾಣಬೇಕು? ಕಾರಣ ಕಣ್ಣು. ಈ ಫೋನನ್ನು ಅಲ್ಲಾಡಿಸದೆ ಹಿಡಿದು, ತಲೆಯನ್ನು ಎಡಬಲ ಬೇಗ ಆಡಿಸಿ ಓದಿ ನೋಡಿ. ಅಕ್ಷರ ಕಾಣುತ್ತದೆ. ಈಗ ತಲೆ ಇಟ್ಟಲ್ಲೇ ಇಟ್ಟು ಫೋನನ್ನು ಅಷ್ಟೇ ಬೇಗ ಆಡಿಸಿ. ಕಲಸಿಹೋಗುತ್ತದೆ. ತಲೆ ಬಲಕ್ಕೆ ಹೋದರೆ ಕಣ್ಣನ್ನು ಅಷ್ಟೇ ಎಡಕ್ಕೆ ಹೊರಳಿಸುವ ಕೆಲಸ ಒಳಕಿವಿಯದು, ಸೆಕೆಂಡಿನ ಸುಮಾರು ನೂರನೇ ಒಂದು ಭಾಗದಲ್ಲಿ ಶುರು ಮಾಡಿಬಿಡುತ್ತದೆ. ತಲೆ ತಿರುಗದಿದ್ದರೂ ಕಿವಿ ಸುಳ್ಳು ಸುದ್ದಿ ಕೊಟ್ಟರೆ ಕಣ್ಣು ಹೊರಳಿಬಿಡುತ್ತದೆ. ನಿಧಾನ ಜಾರುತ್ತದೆ, ತಟಕ್ಕನೆ ವಾಪಸ್ ಬರುತ್ತದೆ, ಮತ್ತೆ ಜಾರುತ್ತದೆ. ಜಾರುವಾಗ ಕಣ್ಣೊಳಗಿನ ಚಿತ್ರವೂ ಜಾರುತ್ತದೆ. ಹೀಗಾಗಿ ಮಾಡು ತಿರುಗುವುದು ಭ್ರಮೆಯಷ್ಟೇ ಅಲ್ಲ, ಆ ಹೊತ್ತಿಗೆ ಕಣ್ಣು ನಿಜಕ್ಕೂ ಆಡುತ್ತಿರುತ್ತದೆ.

ಕೊನೆಗೆ ಒಬ್ಬ ಕಿವಿ-ಮೂಗು-ಗಂಟಲು ಡಾಕ್ಟರು ನೋಡಿದ್ದೂ ಈ ಕಣ್ಣನ್ನೇ. ಎಕ್ಸ್‌ರೇ ಬದಿಗಿಟ್ಟು ಅವರು ಕೇಳಿದ್ದು ಒಂದೇ: "ಅಮ್ಮಾ, ಕುತ್ತಿಗೆ ತಿರುಗಿಸದೆ ಇಡೀ ಮೈ ಹೊರಳಿಸಿದರೂ ಬರುತ್ತಾ?" ಬರುತ್ತಿತ್ತು. ಕುತ್ತಿಗೆಯೇ ತಪ್ಪಿತಸ್ಥ ಆಗಿದ್ದರೆ ಹಾಗೆ ಬರುವುದು ಕಷ್ಟ. ಆಮೇಲೆ ಆಯಿಯನ್ನು ಕೂರಿಸಿ, ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ, ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ ಬರುವ ಹಾಗೆ ಬೇಗ ಮಲಗಿಸಿದರು. ಇದು 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ಬರೆದಿಟ್ಟ ಪರೀಕ್ಷೆ. ಎರಡು ಮೂರು ಸೆಕೆಂಡು ಏನೂ ಇಲ್ಲ. ಆಮೇಲೆ ಕಣ್ಣುಗುಡ್ಡೆಗಳು ಹಣೆಯ ಕಡೆ ತಟಕ್ ತಟಕ್ ಎಗರುತ್ತಾ, ಕೆಳಗಿದ್ದ ಬಲಗಿವಿಯ ಕಡೆಗೆ ತಿರುಚತೊಡಗಿದವು. ಆಯಿ ನನ್ನ ಕೈ ಹಿಂಡಿದಳು. ಅರ್ಧ ನಿಮಿಷದೊಳಗೆ ನಿಂತಿತು. ಎಡಕ್ಕೆ ಮಾಡಿದಾಗ ಏನೂ ಆಗಲಿಲ್ಲ. ಅಂದರೆ ಬಲಗಿವಿಯ ಹಿಂದಿನ ಕೊಳವೆ.

ಮತ್ತೆ ಬಲಕ್ಕೆ ಮಲಗಿಸಿ, ಕಣ್ಣು ಸುಮ್ಮನಾದ ಮೇಲೆ ತಲೆಯನ್ನು ನಿಧಾನ ಎಡಕ್ಕೆ 90 ಡಿಗ್ರಿ ತಿರುಗಿಸಿದರು. ಸ್ವಲ್ಪ ಹೊತ್ತು ಕಾದರು. ಇಡೀ ಮೈಯನ್ನು ಎಡ ಮಗ್ಗುಲಿಗೆ ಹೊರಳಿಸಿ, ಮುಖ ನೆಲ ನೋಡುವ ಹಾಗೆ ಮಾಡಿ ಮತ್ತೆ ಕಾದರು. ಕೊನೆಗೆ ಗಲ್ಲ ತಗ್ಗಿಸಿ ಕೂರಿಸಿದರು. ಹರಳನ್ನು ಕೊಳವೆಯ ಸುತ್ತಿನಲ್ಲೇ ಉರುಳಿಸುತ್ತಾ ಯುಟ್ರಿಕಲ್‌ಗೆ ವಾಪಸ್ ಬೀಳಿಸುವ ಉಪಾಯ ಇದು. ಅಮೆರಿಕದ ಜಾನ್ ಎಪ್ಲಿ ಕಂಡುಹಿಡಿದದ್ದು, 1992ರಲ್ಲಿ ಅವರ ಬರಹ ಅಚ್ಚಾದ ಮೇಲೆ ಎಲ್ಲ ಕಡೆ ಹಬ್ಬಿತು. ಮಾತ್ರೆ ಹರಳನ್ನು ಎತ್ತಿ ವಾಪಸ್ ಇಡಲಾರದು.

ಆಯಿಗೆ ಕೆಲವು ದಿನ ನಡೆಯುವಾಗ ತೇಲಿದ ಹಾಗಾಗುತ್ತಿತ್ತು, ಆಮೇಲೆ ಅದೂ ಹೋಯಿತು. ಕೆಲವರಿಗೆ ಎರಡು ಮೂರು ಸಲ ಮಾಡಬೇಕಾಗುತ್ತದೆ, ವಾಸಿಯಾದವರಿಗೆ ಮತ್ತೆ ಬರುವುದೂ ಇದೆ. ವಿಡಿಯೋ ನೋಡಿ ಮನೆಯಲ್ಲೇ ಶುರು ಹಚ್ಚಿಕೊಳ್ಳಬೇಡಿ. ಯಾವ ಕಿವಿ, ಯಾವ ಕೊಳವೆ ಎಂದು ತಿಳಿಯದೆ ಮಾಡಿದರೆ ಉಪಯೋಗವಿಲ್ಲ, ಕುತ್ತಿಗೆ ನಿಜಕ್ಕೂ ಕೆಟ್ಟಿದ್ದರೆ ಅಪಾಯ.

ಒಂದು ವಿಷಯ ಮಾತ್ರ ಬೇರೆಯೇ ಇಡಿ. ತಿರುಗುವುದು ಮಲಗಿ ಸುಮ್ಮನಿದ್ದರೂ ಗಂಟೆಗಟ್ಟಲೆ ನಿಲ್ಲದಿದ್ದರೆ, ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಮುಖ ಸೊಟ್ಟಗಾದರೆ, ಕೈಕಾಲು ಮರಗಟ್ಟಿದರೆ, ಹಿಡಿದರೂ ನಿಲ್ಲಲಾಗದಿದ್ದರೆ ಅದು ಹರಳಿನ ಕತೆಯಲ್ಲ, ಮಿದುಳಿನ ಸ್ಟ್ರೋಕ್ ಇರಬಹುದು. ರಕ್ತದ ಗಡ್ಡೆ ಕರಗಿಸುವ ಔಷಧಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ತಲುಪಬೇಕು. ನಮ್ಮ ಕಡೆ ಘಟ್ಟ ಇಳಿಯುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ಆಗ ಶರಬತ್ತು ಮಾಡುತ್ತಾ ಕೂರದೆ ತಕ್ಷಣ 108ಕ್ಕೆ ಫೋನ್ ಮಾಡಿ.