ಮಳೆಮಾಪಕದ ಬ್ಯಾಟರಿ ಒಂದೂವರೆ ವರ್ಷ ಬರುತ್ತದೆ ಎಂಬ ಮಾತನ್ನು ನಂಬಿ ಹಣ ಕೊಡುವ ಮುನ್ನ

ಸಕಲೇಶಪುರದ ಕಡೆಯ ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಬರೆದಿಡುವುದು ರೂಢಿ. ಈ ಕೆಲಸವನ್ನು ತಾನೇ ಮಾಡಿ ಮೊಬೈಲಿಗೆ ಲೆಕ್ಕ ಕಳುಹಿಸುವ, ಬ್ಯಾಟರಿಯಿಂದ ನಡೆಯುವ ಮಳೆಮಾಪಕಗಳನ್ನು ನಮ್ಮ ಸುತ್ತಿನ ಕೆಲವು ಬೆಳೆಗಾರರು ಒಟ್ಟಾಗಿ ಒಬ್ಬ ಮಾರಾಟಗಾರರಿಂದ ಕೊಂಡಿದ್ದೆವು. ಒಮ್ಮೆ ಚಾರ್ಜ್ ಮಾಡಿದರೆ ಒಂದೂವರೆ ವರ್ಷ ನೋಡಬೇಕಿಲ್ಲ ಎಂಬುದು ಅವರ ಭರವಸೆಯಾಗಿತ್ತು. ಮುಂಗಾರು ಹಿಡಿಯುವಷ್ಟರಲ್ಲಿ ಒಂದೊಂದಾಗಿ ಎಲ್ಲವೂ ಮೌನವಾದವು. ಕೆಲವು ವಾರಗಳ ಮಟ್ಟಿಗೆ ಉಳಿದರೆ, ಒಂದೆರಡು ಚಾರ್ಜ್ ಮಾಡಿ ಇಟ್ಟ ಮರುದಿನವೇ ಸತ್ತವು. ನನ್ನ ಉದ್ಯೋಗ ಎಲೆಕ್ಟ್ರಾನಿಕ್ಸ್ ಆದ್ದರಿಂದ ಪೆಟ್ಟಿಗೆ ಬಿಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಒಳಗೆ ಕಂಡದ್ದು ಈ ಬಗೆಯ ಅಗ್ಗದ ಸಾಧನಗಳಲ್ಲಿ ಮತ್ತೆ ಮತ್ತೆ ಕಾಣುವ ದೋಷಗಳಾದ್ದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಮಾರಾಟಗಾರರ ಲೆಕ್ಕವನ್ನೇ ನೋಡೋಣ, ಏಕೆಂದರೆ ಕಾಗದದ ಮೇಲೆ ಅದು ತಪ್ಪಲ್ಲ. ಸಾಧನದಲ್ಲಿದ್ದುದು ಇಎಸ್‌ಪಿ32 ಚಿಪ್ಪು ಮತ್ತು 2600 ಮಿಲಿಆಂಪಿಯರ್-ಗಂಟೆಯ ಒಂದು 18650 ಲಿಥಿಯಂ ಸೆಲ್ಲು. ಗಂಟೆಗೊಮ್ಮೆ ಎಚ್ಚರಗೊಂಡು, ವೈ-ಫೈ ಮೂಲಕ ಲೆಕ್ಕ ಕಳುಹಿಸಲು 5 ಸೆಕೆಂಡು, ಆಗ ಸರಾಸರಿ 120 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ ಇಡೀ ಗಂಟೆಗೆ ಹಂಚಿದಾಗ ಅದು ಸುಮಾರು 167 ಮೈಕ್ರೊಆಂಪಿಯರ್ ಆಗುತ್ತದೆ. ಉಳಿದ ಹೊತ್ತು ಡೀಪ್ ಸ್ಲೀಪ್, ಅಂದರೆ ಚಿಪ್ಪಿನ ಬಹುಪಾಲು ಆರಿರುವ ಗಾಢ ನಿದ್ದೆ. ಅದಕ್ಕೆ ಡೇಟಾಶೀಟಿನಲ್ಲಿರುವ ಅಂಕಿ 10 ಮೈಕ್ರೊಆಂಪಿಯರ್. ಎರಡೂ ಸೇರಿದರೆ 177. ಸೆಲ್ಲು 600 ದಿನ ದಾಟಬೇಕು. ಸೆಲ್ಲಿನ ಸ್ವಂತ ಸೋರಿಕೆಗೆ ಸ್ವಲ್ಪ ಕಳೆದರೆ ಒಂದೂವರೆ ವರ್ಷ ಸರಿಯಾಗಿ ಬರುತ್ತದೆ. ದೂರು ಹೇಳಿದಾಗಲೂ ಅವರು, “ಸಾರ್, ಹತ್ತು ಮೈಕ್ರೊಆಂಪಿಯರ್ ಅಂತ ಕಂಪನಿಯ ಡೇಟಾಶೀಟಿನಲ್ಲೇ ಇದೆಯಲ್ಲ, ನಿಮ್ಮ ಬ್ಯಾಟರಿಯೇ ಡೂಪ್ಲಿಕೇಟ್ ಇರಬೇಕು” ಎಂದರು. ಬ್ಯಾಟರಿ ಕೊಟ್ಟವರೂ ಅವರೇ ಎಂಬುದು ಬೇರೆ ಮಾತು.

ಆ ಹತ್ತು ಮೈಕ್ರೊಆಂಪಿಯರ್ ಚಿಪ್ಪಿನದು, ಬೋರ್ಡಿನದಲ್ಲ. ಪೆಟ್ಟಿಗೆಯಲ್ಲಿದ್ದುದು ಪ್ರಯೋಗಕ್ಕೆಂದು ಮಾಡಿದ, ಯುಎಸ್‌ಬಿ ಕಿಂಡಿ ಇರುವ ಮಾಮೂಲಿ ಡೆವಲಪ್‌ಮೆಂಟ್ ಬೋರ್ಡು. ಅದರಲ್ಲಿ 3.3 ವೋಲ್ಟ್ ಕೊಡುವ ಎಎಂಎಸ್1117 ರೆಗ್ಯುಲೇಟರ್, ಚಿಪ್ಪು ಮಲಗಿರಲಿ ಎದ್ದಿರಲಿ, ತನ್ನ ಪಾಡಿಗೆ ಸುಮಾರು 5 ಮಿಲಿಆಂಪಿಯರ್ ಕುಡಿಯುತ್ತಲೇ ಇರುತ್ತದೆ. ಅದರ ಜೊತೆಗೆ ಆರದ ಕೆಂಪು ದೀಪ, ಯುಎಸ್‌ಬಿ ಚಿಪ್ಪು. ಸೆಲ್ಲಿನ ತಂತಿಯಲ್ಲಿ ಅಳೆದಾಗ ನಿದ್ದೆಯಲ್ಲಿ ಆರು ಮಿಲಿಆಂಪಿಯರಿಗಿಂತ ಸ್ವಲ್ಪ ಹೆಚ್ಚೇ ಇತ್ತು, ಅಂದರೆ ಹೇಳಿದ್ದಕ್ಕಿಂತ ಆರುನೂರು ಪಟ್ಟು. 2600ನ್ನು ಆರೂ ಕಾಲರಿಂದ ಭಾಗಿಸಿದರೆ ಬರುವುದು 17 ದಿನ. ಹಲವು ಮಾಪಕಗಳು ವಾರಗಳಲ್ಲಿ ಸತ್ತದ್ದಕ್ಕೆ ಇಷ್ಟೇ ಕಾರಣ.

ಅಳೆಯುವ ವಿಧಾನದ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಮಲ್ಟಿಮೀಟರನ್ನು ಮೊದಲಿಗೇ ಮೈಕ್ರೊಆಂಪಿಯರ್ ಶ್ರೇಣಿಯಲ್ಲಿ ಸರಣಿಯಾಗಿ ಜೋಡಿಸಿದರೆ, ಚಿಪ್ಪು ಎದ್ದು ವೈ-ಫೈ ಹಚ್ಚಿದ ಕೂಡಲೇ ಮೀಟರಿನ ಒಳಗಿನ ರೋಧದಲ್ಲೇ ವೋಲ್ಟೇಜು ಬಿದ್ದುಹೋಗಿ ಬೋರ್ಡು ಏಳಲಾಗದೆ ಒದ್ದಾಡುತ್ತದೆ, ಆಗ ಕಾಣುವ ಅಂಕಿಗೆ ಅರ್ಥವಿಲ್ಲ. ಮೀಟರಿನ ಎರಡು ತುದಿಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿಟ್ಟು, ಬೋರ್ಡು ಕೆಲಸ ಮುಗಿಸಿ ಮಲಗಿದ ಮೇಲೆ ಮಿಲಿಆಂಪಿಯರ್ ಶ್ರೇಣಿಯಲ್ಲಿ ಆ ತಂತಿಯನ್ನು ತೆಗೆದು ನೋಡಬೇಕು. ಅಂಕಿ ಸೊನ್ನೆಯ ಹತ್ತಿರವಿದ್ದರೆ ಮಾತ್ರ ತಂತಿಯನ್ನು ಮತ್ತೆ ಸೇರಿಸಿ ಕೆಳಗಿನ ಶ್ರೇಣಿಗೆ ಇಳಿಯಬೇಕು. ಯುಎಸ್‌ಬಿ ಕೇಬಲು ಆಗ ಹಚ್ಚಿರಬಾರದು.

ಎಎಂಎಸ್1117ರಿಂದ ಇನ್ನೊಂದು ತೊಂದರೆಯೂ ಇದೆ. ಅದಕ್ಕೆ ಒಳಬರುವ ವೋಲ್ಟೇಜು ಹೊರಹೋಗುವುದಕ್ಕಿಂತ ಸುಮಾರು ಒಂದು ವೋಲ್ಟ್ ಹೆಚ್ಚಿರಬೇಕು. ಪೂರ್ತಿ ತುಂಬಿದ ಲಿಥಿಯಂ ಸೆಲ್ಲಿನಲ್ಲಿ 4.2 ವೋಲ್ಟ್ ಇರುವಾಗಲೇ ಅದು 3.3 ಕೊಡಲು ಏದುಸಿರು ಬಿಡುತ್ತದೆ; ಸೆಲ್ಲು 3.7ಕ್ಕೆ ಇಳಿದಾಗ, ಅಂದರೆ ಒಳಗೆ ಇನ್ನೂ ಸಾಕಷ್ಟು ಚಾರ್ಜ್ ಇರುವಾಗ, ಚಿಪ್ಪಿಗೆ ಸಿಗುವುದು 2.7ರ ಆಸುಪಾಸು. ವೈ-ಫೈ ಹಚ್ಚಿದ ಕ್ಷಣದಲ್ಲಿ ಅದೂ ಕುಸಿದು ಬ್ರೌನ್‌ಔಟ್ ರೀಸೆಟ್ ಆಗುತ್ತದೆ, ಅಂದರೆ ವೋಲ್ಟೇಜು ಸಾಲದೆ ಚಿಪ್ಪು ಮೊದಲಿನಿಂದ ಶುರುವಾಗುತ್ತದೆ. ಇದು ಅಲ್ಲಿಗೇ ನಿಲ್ಲುವುದಿಲ್ಲ: ರೀಸೆಟ್ ಆದ ಚಿಪ್ಪು ಮತ್ತೆ ವೈ-ಫೈ ಹಚ್ಚಲು ಹೋಗಿ ಮತ್ತೆ ಬೀಳುತ್ತದೆ. ಜೊತೆಗೆ, ಡೀಪ್ ಸ್ಲೀಪಿನಲ್ಲಿ ಉಳಿಯಲೆಂದು `RTC_DATA_ATTR` ಎಂದು ಗುರುತಿಸಿದ ಎಣಿಕೆ ಇಂಥ ರೀಸೆಟ್‌ನಲ್ಲಿ ಸೊನ್ನೆಗೆ ಮರಳುತ್ತದೆ. ನಿಮ್ಮ ಮೊಬೈಲಿನಲ್ಲಿ ಮಳೆಯ ಒಟ್ಟು ಮೊತ್ತ ನಡುಹಗಲಿನಲ್ಲಿ ಇದ್ದಕ್ಕಿದ್ದಂತೆ ಸೊನ್ನೆಯಿಂದ ಶುರುವಾದರೆ ಮೊದಲು ಇದನ್ನೇ ಸಂಶಯಿಸಿ.

ಮರುದಿನವೇ ಸತ್ತ ಮಾಪಕಗಳ ಕಥೆ ಬೇರೆ, ಮತ್ತು ಹೆಚ್ಚು ಗಮನಿಸಬೇಕಾದದ್ದು. ಈ ಮಾಪಕಗಳಲ್ಲಿ ತೂಗುವ ಪುಟ್ಟ ಬಟ್ಟಲೊಂದಿದ್ದು, ನೂರನೇ ಒಂದು ಇಂಚು, ಅಂದರೆ ನಮ್ಮ ಒಂದು ಸೆಂಟು ಮಳೆ ತುಂಬಿದಾಗ ಅದು ಮಗುಚಿಕೊಳ್ಳುತ್ತದೆ. ಮಗುಚುವಾಗ ಅದಕ್ಕಂಟಿದ ಅಯಸ್ಕಾಂತ ರೀಡ್ ಸ್ವಿಚ್ಚಿನ ಮುಂದೆ ಹಾದು, ಸ್ವಿಚ್ಚು ಕ್ಷಣಮಾತ್ರ ಮುಚ್ಚಿ ತೆರೆಯುತ್ತದೆ. ಆ ಸ್ವಿಚ್ಚನ್ನು ಚಿಪ್ಪನ್ನು ನಿದ್ದೆಯಿಂದ ಎಬ್ಬಿಸುವ `ext0` ಮೂಲಕ್ಕೆ ಜೋಡಿಸಿ, ಸ್ವಿಚ್ಚು ಮುಚ್ಚಿ ಪಿನ್ನು ಕೆಳಮಟ್ಟಕ್ಕೆ ಬಂದಾಗ ಏಳು ಎಂದು ಹೇಳಲಾಗಿತ್ತು. ಇಲ್ಲಿರುವ ಅಪಾಯ ಏನೆಂದರೆ `ext0` ನೋಡುವುದು ಪಿನ್ನಿನ ಮಟ್ಟವನ್ನೇ ಹೊರತು ಮಟ್ಟದ ಬದಲಾವಣೆಯನ್ನಲ್ಲ. ಗಾಳಿಗೆ ಉದುರಿದ ಸಿಲ್ವರ್ ಓಕ್ ಎಲೆಯ ಚೂರೋ ಜೇಡರ ಬಲೆಯೋ ಸಿಕ್ಕಿ ಬಟ್ಟಲು ನಡುವಿನಲ್ಲೇ ನಿಂತರೆ ಸ್ವಿಚ್ಚು ಮುಚ್ಚಿಯೇ ಇರುತ್ತದೆ. ಚಿಪ್ಪು ಮಲಗಿದ ಕೂಡಲೇ ಏಳುತ್ತದೆ, ವೈ-ಫೈಗೆ ಸೇರುತ್ತದೆ, ಮಲಗುತ್ತದೆ, ಮತ್ತೆ ಏಳುತ್ತದೆ. ಸರಾಸರಿ 120 ಮಿಲಿಆಂಪಿಯರಿನಲ್ಲಿ 2600 ಎಂಬುದು 22 ಗಂಟೆಯೊಳಗೆ ಮುಗಿಯುವ ಮಾತು. ಸತ್ತ ಮಾಪಕಗಳ ಮುಚ್ಚಳ ತೆಗೆದಾಗ ಬಟ್ಟಲು ಅಡ್ಡಡ್ಡಲಾಗಿ ನಿಂತಿತ್ತು. ದಾಖಲೆಯಲ್ಲಿ ಬಿಸಿಲಿನ ದಿನವೂ ಹತ್ತಾರು ಇಂಚು ಮಳೆ ಬಿದ್ದಿತ್ತು.

ಬಟ್ಟಲು ಸಿಕ್ಕಿಕೊಳ್ಳದಿದ್ದರೂ ಆ ಪ್ರೋಗ್ರಾಮು ಉಳಿತಾಯದ್ದಲ್ಲ, ಏಕೆಂದರೆ ಯಾವ ಕಾರಣಕ್ಕೆ ಎದ್ದೆ ಎಂಬುದನ್ನು ಅದು ಕೇಳಿಕೊಳ್ಳುತ್ತಲೇ ಇರಲಿಲ್ಲ. ದಿನಕ್ಕೆ 4 ಇಂಚು ಸುರಿದರೆ ಬಟ್ಟಲು 400 ಬಾರಿ ಮಗುಚುತ್ತದೆ, ಪ್ರತಿ ಬಾರಿಯೂ ವೈ-ಫೈ ಹಚ್ಚಿದರೆ ದಿನಕ್ಕೆ ಸುಮಾರು 67 ಮಿಲಿಆಂಪಿಯರ್-ಗಂಟೆ ಹೋಗುತ್ತದೆ. ಅದೇ, ಎದ್ದು ಎಣಿಕೆ ಒಂದು ಹೆಚ್ಚಿಸಿ ಮಲಗಿದರೆ ಒಂದು ಸೆಕೆಂಡಿನ ಮೂರನೇ ಒಂದು ಪಾಲು ಸಾಕು, ಇಡೀ ದಿನಕ್ಕೆ ಒಂದೂವರೆ ಮಿಲಿಆಂಪಿಯರ್-ಗಂಟೆಯೂ ಆಗದು. ನಾನು ಬರೆದು ಹಾಕಿದ ಮುಖ್ಯ ಭಾಗ ಇಷ್ಟು:

```c
RTC_DATA_ATTR uint32_t tips = 0;
RTC_DATA_ATTR int armed = 0;

if (esp_sleep_get_wakeup_cause() == ESP_SLEEP_WAKEUP_EXT0
    && armed == 0) tips++;

rtc_gpio_deinit(GPIO_NUM_33);
pinMode(33, INPUT);
armed = !digitalRead(33);
esp_sleep_enable_ext0_wakeup(GPIO_NUM_33, armed);
esp_sleep_enable_timer_wakeup(remaining_us);
esp_deep_sleep_start();
```

ಮಲಗುವ ಮುನ್ನ ಪಿನ್ನಿನ ಈಗಿನ ಮಟ್ಟವನ್ನು ನೋಡಿ, ಅದರ ವಿರುದ್ಧ ಮಟ್ಟಕ್ಕೆ ಮಾತ್ರ ಎಚ್ಚರಗೊಳ್ಳುವಂತೆ ಹೇಳುವುದೇ ಇದರ ಸಾರ. ಸ್ವಿಚ್ಚು ಮುಚ್ಚಿ ನಿಂತಿದ್ದರೆ ಅದು ತೆರೆಯುವ ತನಕ ಚಿಪ್ಪು ಸುಮ್ಮನೆ ಮಲಗಿರುತ್ತದೆ, ಆ ತೆರೆಯುವಿಕೆ ಮಳೆ ಎಂದು ಎಣಿಕೆಗೂ ಬರುವುದಿಲ್ಲ. ಎದ್ದ ಮೇಲೆ ಪಿನ್ನನ್ನು ಓದಿ ಎಣಿಸಲು ಹೋಗಬಾರದು, ಚಿಪ್ಪು ಕಣ್ಣು ಬಿಡುವಷ್ಟರಲ್ಲಿ ಬಟ್ಟಲು ಮಗುಚಿ ಮುಗಿದಿರುತ್ತದೆ. ಎಂಥ ಎಚ್ಚರಕ್ಕೆ ಕಾದಿದ್ದೆವು ಎಂಬುದನ್ನು `armed` ನೆನಪಿಡುವುದು ಅದಕ್ಕಾಗಿಯೇ.

`remaining_us` ಎಂಬುದನ್ನು ಸಹ ಗಮನಿಸಿ. ಮಲಗುವಾಗಲೆಲ್ಲ ಟೈಮರಿಗೆ ಪೂರ್ತಿ ಒಂದು ಗಂಟೆ ಕೊಟ್ಟರೆ, ಪ್ರತಿ ಸೆಂಟು ಮಳೆಗೂ ಆ ಗಂಟೆ ಹೊಸದಾಗಿ ಶುರುವಾಗಿ, ಬಿಡದೆ ಮಳೆ ಸುರಿಯುವ ದಿನವೇ ಮಾಪಕದಿಂದ ಒಂದು ಸುದ್ದಿಯೂ ಬರುವುದಿಲ್ಲ. ಡೀಪ್ ಸ್ಲೀಪಿನಲ್ಲೂ ಚಿಪ್ಪಿನ ಗಡಿಯಾರ ನಡೆಯುತ್ತಿರುವುದರಿಂದ, ಮುಂದೆ ಕಳುಹಿಸಬೇಕಾದ ಸಮಯವನ್ನು `RTC_DATA_ATTR`ನಲ್ಲಿ ಇಟ್ಟುಕೊಂಡು, `time(NULL)`ನೊಂದಿಗೆ ಹೋಲಿಸಿ ಉಳಿದ ಅವಧಿಯನ್ನಷ್ಟೇ ಕೊಡಬೇಕು.

ಸ್ವಿಚ್ಚು ತೆರೆದಿರುವಾಗ ಪಿನ್ನನ್ನು ಮೇಲ್ಮಟ್ಟದಲ್ಲಿ ಹಿಡಿದಿಡುವ ಪುಲ್-ಅಪ್ ರೋಧಕದಲ್ಲೂ ಜಿಪುಣತನ ಬೇಡ. ಕೆಲವು ಮಾಪಕಗಳಲ್ಲಿ ಸ್ವಿಚ್ಚು 34ನೇ ಪಿನ್ನಿಗೆ ಹೋಗಿತ್ತು. 34ರಿಂದ 39ರವರೆಗಿನ ಪಿನ್ನುಗಳಿಗೆ ಚಿಪ್ಪಿನೊಳಗೆ ಪುಲ್-ಅಪ್ಪೇ ಇಲ್ಲದಿರುವುದರಿಂದ ಅಂಥ ಪಿನ್ನು ಗಾಳಿಯಲ್ಲಿ ತೂಗಿದಂತೆ, ಮಿಂಚು ಗುಡುಗಿಗೂ ಏಳುತ್ತದೆ. ಇನ್ನು ಕೆಲವದರಲ್ಲಿ ಒಂದು ಮೆಗಾಓಮ್ ಹಾಕಿದ್ದರು. ಮಲೆನಾಡಿನ ಮಳೆಯಲ್ಲಿ ತಂತಿಯ ಜೋಡಣೆ ಒದ್ದೆಯಾದರೆ ಅಲ್ಲಿ ಸೋರುವ ವಿದ್ಯುತ್ತೇ ಪಿನ್ನನ್ನು ಕೆಳಗೆಳೆಯಲು ಸಾಕು. 100 ಕಿಲೋಓಮ್ ಹಾಕಿದರೆ ಸ್ವಿಚ್ಚು ಮುಚ್ಚಿರುವಾಗ ಮಾತ್ರ 33 ಮೈಕ್ರೊಆಂಪಿಯರ್ ಹರಿಯುತ್ತದೆ, ಆ ಸ್ವಿಚ್ಚು ಮುಚ್ಚುವುದೇ ಕ್ಷಣಕಾಲ.

ಬೋರ್ಡಿನ ಬದಲು ಬರಿಯ ಮಾಡ್ಯೂಲು ಹಾಕಿ, ರೆಗ್ಯುಲೇಟರಿಗೆ ಆರ್‌ಟಿ9080 ಬಳಸಿದೆ. ಅದರ ಸ್ವಂತ ಬಳಕೆ ಸುಮಾರು 2 ಮೈಕ್ರೊಆಂಪಿಯರ್, ಕೊಡಬಲ್ಲದ್ದು 600 ಮಿಲಿಆಂಪಿಯರ್. ಇನ್ನೂ ಕಡಿಮೆ ಕುಡಿಯುವ ಎಂಸಿಪಿ1700 ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ಅದರ ಮಿತಿ 250 ಮಿಲಿಆಂಪಿಯರ್. ಈ ಚಿಪ್ಪಿಗೆ ಕನಿಷ್ಠ 500 ಕೊಡಬಲ್ಲ ಮೂಲ ಬೇಕೆಂದು ತಯಾರಕರೇ ಹೇಳಿರುವುದರಿಂದ ಅದನ್ನು ಬಿಟ್ಟೆ.

ಕೊಳ್ಳುವವರು ಮಾರಾಟಗಾರರ ಎದುರಿನಲ್ಲೇ ಎರಡು ಪರೀಕ್ಷೆ ಮಾಡಿಸಿ. ಸೆಲ್ಲಿನ ತಂತಿಯಲ್ಲಿ ನಿದ್ದೆಯ ಕರೆಂಟು ಎಷ್ಟೆಂದು ಮೀಟರಿನಲ್ಲಿ ತೋರಿಸಲಿ. 50 ಮೈಕ್ರೊಆಂಪಿಯರ್ ದಾಟಿದರೆ ಯಾವ ವಿವರಣೆಯನ್ನೂ ಕೇಳಬೇಡಿ. ಆಮೇಲೆ ಬಟ್ಟಲನ್ನು ಬೆರಳಿನಿಂದ ನಡುವೆ ಹಿಡಿದು, ಕರೆಂಟು ಮತ್ತೆ ನಿದ್ದೆಯ ಅಂಕಿಯ ಆಸುಪಾಸಿಗೆ ಇಳಿದು ಅಲ್ಲೇ ನಿಲ್ಲುತ್ತದೆಯೇ ನೋಡಿ. ಪ್ರತಿ ವರದಿಯಲ್ಲಿ ಸೆಲ್ಲಿನ ವೋಲ್ಟೇಜು ಹಾಗೂ ಟೈಮರಿನಿಂದ ಎಷ್ಟು ಬಾರಿ, ಸ್ವಿಚ್ಚಿನಿಂದ ಎಷ್ಟು ಬಾರಿ ಎದ್ದಿತೆಂಬ ಎಣಿಕೆಗಳು ಬರುವಂತೆ ಒಪ್ಪಿಸಿಕೊಂಡರೆ ಮುಂದಿನ ತೊಂದರೆ ಮನೆಯಲ್ಲೇ ಕುಳಿತು ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಕರೆಂಟು ಹೋಗಿ ಮನೆಯ ರೂಟರ್ ಆರಿರುವಾಗ ಮಾಪಕ ಏನು ಮಾಡುತ್ತದೆ ಎಂದೂ ಕೇಳಿ. ನಮ್ಮವು ವೈ-ಫೈ ಸಿಗುವ ತನಕ ಮಲಗದೆ ಹುಡುಕುತ್ತಿದ್ದವು, ರಾತ್ರಿಯಿಡೀ ಕರೆಂಟಿಲ್ಲದಿದ್ದರೆ ಅರ್ಧ ಸೆಲ್ಲು ಅದರಲ್ಲೇ ಖಾಲಿ. ಈಗ 10 ಸೆಕೆಂಡಿನಲ್ಲಿ ಸಂಪರ್ಕ ಸಿಗದಿದ್ದರೆ ಎಣಿಕೆಯನ್ನು ಉಳಿಸಿಕೊಂಡು ಮಲಗಿ, ಮುಂದಿನ ಗಂಟೆಗೆ ಮತ್ತೆ ಪ್ರಯತ್ನಿಸುತ್ತವೆ.