ರೇಡ್ 6 ಬಿಟ್ಟು ರೇಡ್ 10 ಹಿಡಿದು ಮೂರು ವರ್ಷ: ನಮ್ಮ ಆಡಿಟ್ ಕಚೇರಿಯ ಫೈಲ್ ಸರ್ವರ್

ಹುಬ್ಬಳ್ಳಿಯ ನಮ್ಮ ಆಡಿಟ್ ಕಚೇರಿಯಲ್ಲಿ 28 ಜನ ಒಂದೇ ಫೈಲ್ ಸರ್ವರ್ ಮೇಲೆ ಕೆಲಸ ಮಾಡುತ್ತೇವೆ. ಡೆಬಿಯನ್ ಲಿನಕ್ಸ್, ಸಾಂಬಾ, ತಲಾ 4 ಟೆರಾಬೈಟಿನ ಆರು ಹಾರ್ಡ್ ಡಿಸ್ಕ್. ಮೊದಲ ಒಂದೂವರೆ ವರ್ಷ ಇವು ರೇಡ್ 6ರಲ್ಲಿ, ಅಂದರೆ ಹಲವು ಡಿಸ್ಕ್‌ಗಳನ್ನು ಒಂದೇ ಡಿಸ್ಕಿನಂತೆ ಜೋಡಿಸುವ ರೇಡ್‌ನ ಒಂದು ವಿಧದಲ್ಲಿ ಇದ್ದವು. ಯಾವ ಎರಡು ಡಿಸ್ಕ್ ಹೋದರೂ ದತ್ತಾಂಶ ಉಳಿಯುತ್ತದೆ, ಬಳಕೆಗೆ 16 ಟೆರಾಬೈಟ್ ಸಿಗುತ್ತದೆ ಎಂದು ನಾನೇ ಹಟ ಹಿಡಿದು ಹಾಗೆ ಮಾಡಿದ್ದೆ.

ತೊಂದರೆ ಕಾಣಿಸಿದ್ದು ಪ್ರತಿ ತಿಂಗಳ ಜಿಎಸ್‌ಟಿ ಗಡುವಿನ ವಾರದಲ್ಲಿ. ಬೆಳಿಗ್ಗೆ ಹತ್ತಕ್ಕೆ ಎಲ್ಲವೂ ಸರಿಯಾಗಿರುತ್ತಿತ್ತು. ಹನ್ನೊಂದೂವರೆಯ ಹೊತ್ತಿಗೆ ಟ್ಯಾಲಿಯಲ್ಲಿ ವೋಚರ್ ಉಳಿಸಲು ಕೀಲಿ ಒತ್ತಿದರೆ ಪರದೆ ನಾಲ್ಕೈದು ಸೆಕೆಂಡು ಹಾಗೆಯೇ ನಿಂತುಬಿಡುತ್ತಿತ್ತು. "ಸರ್, ಸರ್ವರ್ ಮತ್ತೆ ನಿಂತಿದೆ" ಎಂದು ಒಬ್ಬರಾದ ಮೇಲೆ ಒಬ್ಬರು ನನ್ನ ಮೇಜಿನ ಬಳಿ ಬರುತ್ತಿದ್ದರು. ನೆಟ್‌ವರ್ಕ್ ಕಾರಣವಿರಬೇಕೆಂದು ಹೊಸ ಸ್ವಿಚ್ ತರಿಸಿದೆ, ಕೇಬಲ್ ಬದಲಿಸಿದೆ. ಆ ಹಣವೂ ಎರಡು ತಿಂಗಳೂ ವ್ಯರ್ಥವಾದವು.

ಕೊನೆಗೆ ಉತ್ತರ ಸಿಕ್ಕಿದ್ದು ಒಂದೇ ಸಾಲಿನ ಆಜ್ಞೆಯಿಂದ:

```
iostat -xm 5
```

ಡಿಸ್ಕ್‌ಗಳು ಎಷ್ಟು ಹೊತ್ತು ಕೆಲಸದಲ್ಲಿ ಮುಳುಗಿವೆ ಎಂದು ಹೇಳುವ `%util` ನೂರರ ಹತ್ತಿರವಿತ್ತು. ಪ್ರತಿ ಬರಹ ಎಷ್ಟು ಹೊತ್ತು ಕಾಯುತ್ತಿದೆ ಎಂದು ಮಿಲಿಸೆಕೆಂಡಿನಲ್ಲಿ ತೋರಿಸುವ `w_await` ಮುನ್ನೂರು ದಾಟಿತ್ತು. ಆದರೆ ಬರೆಯುತ್ತಿದ್ದುದು ಸೆಕೆಂಡಿಗೆ ಮೂರು ಮೆಗಾಬೈಟ್ ಮಾತ್ರ! ಡಿಸ್ಕ್ ಬಿಡುವಿಲ್ಲದೆ ದುಡಿಯುತ್ತಿದೆ, ಆದರೂ ಸಾಗುವ ದತ್ತಾಂಶ ಇಷ್ಟೇ ಎಂದರೆ ಚಿಕ್ಕ ಚಿಕ್ಕ ಬರಹಗಳು ಅದನ್ನು ಕೊಲ್ಲುತ್ತಿವೆ ಎಂದು ತಿಳಿಯಬೇಕು.

ರೇಡ್ 6ರಲ್ಲಿ ದತ್ತಾಂಶ ಎಲ್ಲ ಡಿಸ್ಕ್‌ಗಳಿಗೂ ಅಡ್ಡಲಾಗಿ ಪಟ್ಟಿ ಪಟ್ಟಿಯಾಗಿ ಹಂಚಿಹೋಗುತ್ತದೆ. ಪ್ರತಿ ಪಟ್ಟಿಯಲ್ಲೂ ನಾಲ್ಕು ಡಿಸ್ಕ್‌ಗಳ ದತ್ತಾಂಶಕ್ಕೆ ಎರಡು ಡಿಸ್ಕ್‌ಗಳಲ್ಲಿ ಪ್ಯಾರಿಟಿ, ಅಂದರೆ ಕಳೆದುಹೋದದ್ದನ್ನು ಮತ್ತೆ ಲೆಕ್ಕ ಹಾಕಿ ಪಡೆಯಲು ಬೇಕಾದ ಮಾಹಿತಿ, ಇರುತ್ತದೆ. ಒಂದು ವೋಚರ್‌ನಷ್ಟು ಸಣ್ಣ ಭಾಗ ಬದಲಾದರೂ ಹಳೆಯ ದತ್ತಾಂಶವನ್ನೂ ಎರಡೂ ಪ್ಯಾರಿಟಿಗಳನ್ನೂ ಓದಿ, ಹೊಸದಾಗಿ ಲೆಕ್ಕ ಹಾಕಿ, ಮೂರನ್ನೂ ಮತ್ತೆ ಬರೆಯಬೇಕು. ಒಂದು ಬರಹಕ್ಕೆ ಆರು ಕೆಲಸ. ರೇಡ್ 10ರಲ್ಲಿ ಅದೇ ತುಣುಕನ್ನು ಜೋಡಿಯ ಎರಡು ಡಿಸ್ಕ್‌ಗಳಿಗೆ ಬರೆದರೆ ಮುಗಿಯಿತು. ನಮ್ಮ 7200 ಸುತ್ತಿನ ಡಿಸ್ಕ್ ಇಂಥ ಚೆಲ್ಲಾಪಿಲ್ಲಿ ಕೆಲಸವನ್ನು ಸೆಕೆಂಡಿಗೆ ಸುಮಾರು 80 ಬಾರಿ ಮಾಡಬಲ್ಲದು. ಆರು ಡಿಸ್ಕ್ ಸೇರಿ 480. ಅದನ್ನು ಆರರಿಂದ ಭಾಗಿಸಿದರೆ ರೇಡ್ 6ಕ್ಕೆ ಉಳಿಯುವುದು 80 ಬರಹ, ಎರಡರಿಂದ ಭಾಗಿಸಿದರೆ ರೇಡ್ 10ಕ್ಕೆ 240. ಇಪ್ಪತ್ತೆಂಟು ಜನ ಒಟ್ಟಿಗೆ ವೋಚರ್ ಹಾಕುವ ಕಚೇರಿಗೆ ಈ ಮೂರು ಪಟ್ಟು ಸಣ್ಣದಲ್ಲ.

ಬದಲಾವಣೆ ಸುಲಭವಿರಲಿಲ್ಲ, ಏಕೆಂದರೆ ಇದ್ದ ಡಿಸ್ಕ್‌ಗಳಲ್ಲೇ ರೇಡ್ 6ನ್ನು ನೇರವಾಗಿ ರೇಡ್ 10 ಮಾಡಲು ಬರುವುದಿಲ್ಲ. 7 ಟೆರಾಬೈಟ್ ದತ್ತಾಂಶವನ್ನು ಎರಡು ಬೇರೆ ಬೇರೆ ಡಿಸ್ಕ್‌ಗಳಿಗೆ ನಕಲು ಮಾಡಿ, ಎರಡನ್ನೂ ತೆರೆದು ಪರೀಕ್ಷಿಸಿ, ಒಂದು ಶನಿವಾರ ಸಂಜೆ ಹಳೆಯದನ್ನು ಅಳಿಸಿದೆ. ಸೋಮವಾರ ನಸುಕಿನಲ್ಲಿ ಎಲ್ಲವೂ ಹಿಂದಿರುಗಿತ್ತು. ಜಾಗ 16ರಿಂದ 12 ಟೆರಾಬೈಟಿಗೆ ಇಳಿಯಿತು.

ಅಂದಿನಿಂದ ಗಡುವಿನ ವಾರದಲ್ಲಿ ನನ್ನ ಮೇಜಿನ ಬಳಿ ಯಾರೂ ನಿಂತಿಲ್ಲ. ಬೆಳಿಗ್ಗೆ ಬಾಗಿಲು ತೆಗೆದು, ದೇವರಿಗೆ ಊದುಬತ್ತಿ ಹಚ್ಚಿ, ಚಹಾ ಬರುವ ಮೊದಲೇ ನಾನು ನೋಡುವುದು `cat /proc/mdstat`. ಅದರಲ್ಲಿ `[UUUUUU]` ಎಂದು ಆರು ಅಕ್ಷರ ಸಾಲಾಗಿ ಕಂಡರೆ ಆರೂ ಡಿಸ್ಕ್ ಕ್ಷೇಮ. ಚಹಾದ ರುಚಿಯೇ ಬೇರೆ ಅನ್ನಿಸುತ್ತದೆ.

ಕಳೆದ ವರ್ಷ ಒಂದು ಬುಧವಾರ ಅದು `[UU_UUU]` ಎಂದು ತೋರಿಸಿತು. ಮೂರನೆಯ ಡಿಸ್ಕ್ ಹೋಗಿತ್ತು. ನಮ್ಮ ವಿನ್ಯಾಸದಲ್ಲಿ ಒಂದು-ಎರಡು, ಮೂರು-ನಾಲ್ಕು, ಐದು-ಆರು ಜೋಡಿಗಳು. ಹಾಗಾಗಿ ಈಗ ನಾಲ್ಕನೆಯದೇ ಆ ಭಾಗದ ಏಕೈಕ ಪ್ರತಿ. ಉಳಿದ ಐದರಲ್ಲಿ ಬೇರಾವುದು ಕೆಟ್ಟರೂ ಬದುಕುತ್ತೇವೆ, ಅದೊಂದು ಕೆಟ್ಟರೆ ಎಲ್ಲವೂ ಹೋಗುತ್ತದೆ. ಹೊಸ ಡಿಸ್ಕ್ ಹಾಕಿದೆ. ಯಾರೂ ಬಳಸದಿದ್ದರೆ ಏಳೆಂಟು ಗಂಟೆಯಲ್ಲಿ ಮುಗಿಯಬೇಕಿದ್ದ ಮರುನಿರ್ಮಾಣ ಕಚೇರಿಯ ಕೆಲಸದ ನಡುವೆ ಹನ್ನೊಂದು ಗಂಟೆ ಹಿಡಿಯಿತು. ಆ ರಾತ್ರಿ ನಾನು ಮನೆಗೆ ಹೋಗಲಿಲ್ಲ.

ನಾಲ್ಕನೆಯ ಡಿಸ್ಕ್ ಕೆಡಲಿಲ್ಲ. ಆದರೆ ಅದರ ಒಂದು ಸಣ್ಣ ಜಾಗ ಓದಲು ಬರಲಿಲ್ಲ, `dmesg`ನಲ್ಲಿ ದೋಷದ ಸಾಲುಗಳು ಬಿದ್ದವು. ಮರುನಿರ್ಮಾಣ ಆ ಜಾಗವನ್ನು ಕೆಟ್ಟದ್ದೆಂದು ಗುರುತಿಸಿಕೊಂಡು ಮುಂದೆ ಸಾಗಿತು. ಮರುದಿನ ಎಲ್ಲ ಫೈಲ್‌ಗಳನ್ನೂ ಬ್ಯಾಕಪ್‌ನೊಂದಿಗೆ ಹೋಲಿಸಿದಾಗ ಒಂದು ಹಳೆಯ ಬಾಡಿಗೆ ಕರಾರಿನ ಸ್ಕ್ಯಾನ್ ಪ್ರತಿ ಮಾತ್ರ `Input/output error` ಎಂದಿತು. ಬ್ಯಾಕಪ್‌ನಿಂದ ಅದನ್ನು ಮರಳಿ ತಂದೆ. ರೇಡ್ 6 ಆಗಿದ್ದರೆ ಒಂದು ಡಿಸ್ಕ್ ಹೋದ ಮೇಲೂ ಇನ್ನೊಂದು ಪ್ಯಾರಿಟಿ ಉಳಿದಿರುತ್ತಿತ್ತು, ಅದರಿಂದ ಆ ಜಾಗವನ್ನು ತಾನೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತಿತ್ತು. ರೇಡ್ 10ರ ನಿಜವಾದ ದೋಷ ಇದು. ಎರಡು ಡಿಸ್ಕ್ ಒಟ್ಟಿಗೆ ಸಾಯುವುದಕ್ಕಿಂತ ನಾನು ಈಗ ಹೆಚ್ಚು ಹೆದರುವುದು, ಗಟ್ಟಿಯಾಗಿ ಕಾಣುವ ಜೋಡಿಯಲ್ಲಿ ಮೊದಲೇ ಅಡಗಿ ಕುಳಿತ ಇಂಥ ಕಲೆಗೆ.

ಅಡಗಿದ್ದು ಏಕೆ ಗೊತ್ತಾಗಲಿಲ್ಲ? ಡೆಬಿಯನ್ ಪ್ರತಿ ತಿಂಗಳ ಮೊದಲ ಭಾನುವಾರ ನಸುಕಿನ ಒಂದು ಗಂಟೆಯ ಸುಮಾರಿಗೆ ಎಲ್ಲ ಡಿಸ್ಕ್‌ಗಳನ್ನೂ ಪೂರ್ತಿ ಓದಿ ನೋಡುತ್ತದೆ. ಓದಲಾಗದ ಜಾಗ ಸಿಕ್ಕರೆ ಜೋಡಿಯಿಂದ ತಂದು ಸರಿಪಡಿಸುತ್ತದೆ. ನಾವು ಕರೆಂಟ್ ಬಿಲ್ ಉಳಿಸಲು ಶನಿವಾರ ರಾತ್ರಿ ಸರ್ವರ್ ಆರಿಸಿ ಹೋಗುತ್ತಿದ್ದೆವು! ಎಷ್ಟೋ ತಿಂಗಳು ಆ ಪರೀಕ್ಷೆ ನಡೆದೇ ಇರಲಿಲ್ಲ. ಈಗ ಸರ್ವರ್ ಆರಿಸುವುದಿಲ್ಲ, ಅನುಮಾನ ಬಂದಾಗ ರೂಟ್ ಆಗಿ ಕೈಯಿಂದಲೂ ಓಡಿಸುತ್ತೇನೆ:

```
echo check > /sys/block/md0/md/sync_action
```

ಇನ್ನೊಂದು ಪಾಠವನ್ನೂ ಅದೇ ವಾರ ಕಲಿತೆ. ಡಿಸ್ಕ್ ಪೂರ್ತಿ ಸಾಯುವವರೆಗೆ ಕಾಯಬಾರದು. `smartctl -A` ತೋರಿಸುವ ಪಟ್ಟಿಯಲ್ಲಿ `Current_Pending_Sector` ಸೊನ್ನೆಯಿಂದ ಏರಿ ಹಾಗೆಯೇ ಉಳಿದರೆ, ಹೊಸ ಡಿಸ್ಕನ್ನು ಸೇರಿಸಿ `mdadm --replace` ಬಳಸಬೇಕು. ಹೊಸದಕ್ಕೆ ನಕಲು ಮುಗಿಯುವವರೆಗೆ ಹಳೆಯದು ಜೋಡಿಯಲ್ಲೇ ಇರುತ್ತದೆ, ಒಂಟಿ ಪ್ರತಿಯ ಆ ಹನ್ನೊಂದು ಗಂಟೆ ಬರುವುದೇ ಇಲ್ಲ. ಕಲೆಯಿದ್ದ ನಾಲ್ಕನೆಯ ಡಿಸ್ಕನ್ನು ಹೀಗೆಯೇ ಬದಲಿಸಿದೆ. ಒಂದು ಜೋಡಿಯ ಎರಡೂ ಡಿಸ್ಕ್ ಒಂದೇ ತಯಾರಿಕೆಯ ಕಂತಿನವು ಆಗದಂತೆಯೂ ನೋಡಿಕೊಳ್ಳುತ್ತೇನೆ.

ಇಷ್ಟಾದರೂ ನಾನು ರೇಡ್ 6ಕ್ಕೆ ಮರಳಿಲ್ಲ. ನಮ್ಮ ಬಜೆಟ್‌ನಲ್ಲಿ 4 ಟೆರಾಬೈಟ್ ಕಳೆದುಕೊಳ್ಳುವುದು ಭಾರವೇ, ಆದರೆ 28 ಜನರ ಸಂಬಳದ ಹೊತ್ತು ಅದಕ್ಕಿಂತ ದುಬಾರಿ. ನಿಮ್ಮಲ್ಲಿ ದೊಡ್ಡ ವಿಡಿಯೋ ಅಥವಾ ಸ್ಕ್ಯಾನ್ ಫೈಲ್‌ಗಳನ್ನು ಒಮ್ಮೆ ಇಟ್ಟು ಮತ್ತೆ ಮತ್ತೆ ಓದುವುದೇ ಕೆಲಸವಾಗಿದ್ದರೆ ರೇಡ್ 6 ಸಾಕು. ಉದ್ದಕ್ಕೆ ಒಂದೇ ಸಮನೆ ಬರೆಯುವಾಗ ಇಡೀ ಪಟ್ಟಿ ಒಟ್ಟಿಗೆ ತುಂಬುವುದರಿಂದ ಹಳೆಯದನ್ನು ಓದುವ ಪ್ರಮೇಯವೇ ಬರುವುದಿಲ್ಲ. ನಾವೂ ಹಿಂದಿನ ವರ್ಷಗಳ ಕಡತಗಳಿಗೆ ಮತ್ತು ರಾತ್ರಿಯ ಬ್ಯಾಕಪ್‌ಗೆ ಪಕ್ಕದ ಕೋಣೆಯ ಇನ್ನೊಂದು ಯಂತ್ರದಲ್ಲಿ ರೇಡ್ 6 ಇಟ್ಟಿದ್ದೇವೆ. ಆ ಬಾಡಿಗೆ ಕರಾರು ಮರಳಿ ಸಿಕ್ಕಿದ್ದು ಅಲ್ಲಿಂದಲೇ.